ಇಳಿಜಾರಪ್ಪನ ಐದು ಮೆಟ್ಟಿಲು

ನಗರದ ಒಳಚರಂಡಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆ ಬರೆದು ನಿವೃತ್ತನಾದ ಮನುಷ್ಯನಿಗೆ ಬೀದಿಯವರು ಇಳಿಜಾರಪ್ಪ ಎಂದು ಹೆಸರಿಟ್ಟಿದ್ದರಲ್ಲಿ ಅಂಥ ಅನ್ಯಾಯವೇನೂ ಇರಲಿಲ್ಲ. ಯಾವ ಮಾತನ್ನೇ ಎತ್ತಿ, ಅದು ಕೊನೆಗೆ ಇಳಿಜಾರಿಗೇ ಬಂದು ನಿಲ್ಲುತ್ತಿತ್ತು. ಬಚ್ಚಲಲ್ಲಿ ನೀರು ನಿಂತಿತೆಂದು ಯಾರಾದರೂ ಗೊಣಗಿದರೆ ಸಾಕು, ಜೇಬಿನಿಂದ ಮಡಿಸುವ ಅಳತೆಪಟ್ಟಿ ಹೊರಬರುತ್ತಿತ್ತು. ಮಗಳ ಮದುವೆಯ ಊಟಕ್ಕೆ ಕರೆದವರ ಮನೆಯಲ್ಲೂ ಅವನು ಮೊದಲು ನೋಡುತ್ತಿದ್ದದ್ದು ಕೈತೊಳೆಯುವ ಜಾಗದ ನೀರು ಎತ್ತ ಹರಿಯುತ್ತದೆ ಎಂಬುದನ್ನು. ಊಟ ಹೇಗಿತ್ತು ಎಂದು ಕೇಳಿದರೆ, "ಊಟ ಚೆನ್ನಾಗಿತ್ತು, ಆದ್ರೆ ನೂರಕ್ಕೆ ಒಂದು ಇಳಿಜಾರು ಕೊಟ್ಟಿಲ್ಲ" ಎನ್ನುತ್ತಿದ್ದ.

ಅವನ ಹೆಮ್ಮೆಗೆ ಕಾರಣವೂ ಇತ್ತು ಅನ್ನಿ. ಹಳೆಯ ಪೇಟೆಯ ಚರಂಡಿಗಳ ನಕ್ಷೆಯೆಲ್ಲ ಅವನ ಕೈಬರಹದ್ದು. ಗೆರೆ ಎಂದರೆ ಗೆರೆ, ಕೂದಲಿನಷ್ಟು ಅಲುಗಾಡಿದ್ದಿಲ್ಲ. ಹೊಸದಾಗಿ ಹಾಕಬೇಕಾದ ಕೊಳವೆಗೆ ಗಟ್ಟಿ ಗೆರೆ, ಮೊದಲೇ ನೆಲದೊಳಗೆ ಇರುವುದಕ್ಕೆ ಚುಕ್ಕಿಗೆರೆ. ಚುಕ್ಕಿಗೆರೆಯ ಪಕ್ಕದಲ್ಲಿ ಪುಟ್ಟ ಅಕ್ಷರಗಳಲ್ಲಿ "ಹಾಲಿ ಇರುವುದು, ಯಥಾಸ್ಥಿತಿ" ಎಂದು ಬರೆಯುವುದು ಕಚೇರಿಯ ಪದ್ಧತಿ. ಅದನ್ನು ಓದಿದ ಗುತ್ತಿಗೆದಾರ ಅದರ ತಂಟೆಗೆ ಹೋಗಬಾರದು. ಮೂವತ್ತನಾಲ್ಕು ವರ್ಷ ಇಳಿಜಾರಪ್ಪ ಎಷ್ಟು ಸಾವಿರ ಸಲ ಆ ಮೂರು ಮಾತು ಬರೆದಿದ್ದನೋ, ಲೆಕ್ಕ ಇಟ್ಟವರಿಲ್ಲ.

ಅವನಿಗೆ ಒಬ್ಬಳೇ ತಂಗಿ. ಐವತ್ತು ದಾಟಿದ ಮೇಲೂ ಅವನ ಬಾಯಲ್ಲಿ ಅವಳು ಪುಟ್ಟಿಯೇ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅವಳದೊಂದು ಬೇಕರಿ. ಮುಂದೆ ಗಾಜಿನ ಕಪಾಟು, ಹಿಂದೆ ಹಿಟ್ಟು ಕಲಸುವ ಕಲ್ಲುಮೇಜು, ಅದರ ಹಿಂದೆ ಗೋಡೆಯೊಳಗೇ ಕಟ್ಟಿದ ಇಟ್ಟಿಗೆಯ ಒಲೆ. ಆ ಒಲೆಯನ್ನು ಅವಳ ಗಂಡ ಮೂರು ತಿಂಗಳು ಕೂತು ತಾನೇ ಕಟ್ಟಿದ್ದು. ಕಟ್ಟಿ ಹನ್ನೊಂದು ವರ್ಷಕ್ಕೆ ಅವನು ತೀರಿಕೊಂಡ. ಒಲೆ ಮಾತ್ರ ಬೆಳಗಿನ ಜಾವಕ್ಕೆ ಹೊತ್ತಿಕೊಂಡು ಬೀದಿಗೆಲ್ಲ ಬ್ರೆಡ್ಡಿನ ವಾಸನೆ ಹರಡುತ್ತಿತ್ತು. ಎತ್ತಿಕೊಂಡು ಹೋಗಿ ಬೇರೆಡೆ ಇಡುವ ವಸ್ತು ಅದಲ್ಲ. ಕಿತ್ತರೆ ಬರೀ ಇಟ್ಟಿಗೆ.

ಮಳಿಗೆ ಬಾಡಿಗೆಯದು. ಹಳೆಯ ಕಾಲದ ಒಪ್ಪಂದ, ಬಾಡಿಗೆ ಹೆಸರಿಗೆ ಮಾತ್ರ. ಒಂದು ದಿನ ಮಾಲೀಕ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಒಂದು ಬನ್ನು ತಿಂದು, "ಅಮ್ಮಾ, ನಂಗೂ ವಯಸ್ಸಾಯ್ತು. ಕಟ್ಟಡ ಮಾರ್ಬೇಕು ಅಂತಿದ್ದೀನಿ. ಮೊದಲು ನಿಮಗೇ ಹೇಳ್ತಿದೀನಿ" ಎಂದ. ಅಣ್ಣನನ್ನು ಕರೆಸಿದರು. ಮಾತಿಗೆ ಮಾತು ಬೆಳೆದು ಕೊನೆಗೆ ತೀರ್ಮಾನವಾದದ್ದು ಇದು: ಮಳಿಗೆಯ ಬೆಲೆ ಎಪ್ಪತ್ತಾರು ಲಕ್ಷ. ಐದು ವರ್ಷದ ನಂತರ, ಜೂನ್ ಒಂದನೇ ತಾರೀಖು, ಪೂರ್ತಿ ಹಣ ಕೊಟ್ಟರೆ ಪುಟ್ಟಿಗೆ. ಕೊಡದಿದ್ದರೆ ಅವತ್ತೇ ಮಾಲೀಕನ ಮಾತು ಮುಗಿಯಿತು, ಪುಟ್ಟಿ ಮಳಿಗೆ ಬಿಟ್ಟುಕೊಡಬೇಕು, ಅವನು ಯಾರಿಗಾದರೂ ಮಾರಬಹುದು. ತಾರೀಖನ್ನು ಕಾಗದದಲ್ಲಿ ಗಟ್ಟಿಯಾಗಿ ಬರೆಸಿದವನು ಇಳಿಜಾರಪ್ಪನೇ.

"ತಾರೀಖಿಲ್ದೆ ಇರೋ ಕಾಗದ ಕಾಗದವೇ ಅಲ್ಲ ಪುಟ್ಟಿ. ನಾಳೆ ಇವನು ಬೆಲೆ ಏರಿಸಿ ಮೂರನೇ ವರ್ಷಕ್ಕೇ ಬಂದು ನಿಂತ್ಕೊಂಡ್ರೆ?"

"ನಮಗೇ ಆರು ತಿಂಗಳು ಹೆಚ್ಚು ಕಮ್ಮಿ ಆದ್ರೆ ಅಣ್ಣಾ?"

"ಯಾಕೆ ಆಗತ್ತೆ? ನಾನಿಲ್ವಾ?"

ಈ ಕೊನೆಯ ಮಾತಿಗೆ ಅವಳು ಚಿಕ್ಕಂದಿನಿಂದ ತಲೆದೂಗುತ್ತಲೇ ಬಂದವಳು.

ಅವಳ ಹತ್ತಿರ ಇದ್ದದ್ದು ನಲವತ್ತು ಲಕ್ಷ. ತಾಯಿಯ ಮನೆ ಮಾರಿ ಬಂದ ಪಾಲು, ಗಂಡ ಹೋದಮೇಲೆ ಬಂದ ವಿಮೆ, ಇಪ್ಪತ್ತು ವರ್ಷದ ಬನ್ನು. ಇನ್ನು ಮುಂದೆ ತಿಂಗಳಿಗೆ ಇಪ್ಪತ್ತೈದು ಸಾವಿರ ಎತ್ತಿಡಬಲ್ಲೆ ಎಂದಳು. ಎಲ್ಲವನ್ನೂ ಠೇವಣಿ ಇಟ್ಟರೆ ಐದು ವರ್ಷಕ್ಕೆ ಎಪ್ಪತ್ತೊಂದರ ಆಸುಪಾಸಿಗೆ ಬರುತ್ತದೆ; ಐದು ಲಕ್ಷ ಸಾಲದು. ಯಾರೋ ಹೇಳಿದರೆಂದು ಅಣ್ಣತಂಗಿ ಇಬ್ಬರೂ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಹಣಕಾಸಿನ ಸಲಹೆಗಾರ್ತಿಯ ಹತ್ತಿರ ಹೋದರು.

ಸಲಹೆಗಾರ್ತಿಗೆ ಮೂವತ್ತೈದರ ಮೇಲಿರಲಿಕ್ಕಿಲ್ಲ. ಮೇಜಿನ ಮೇಲೆ ಒಂದು ಕಂಪ್ಯೂಟರು, ಒಂದು ನೀರಿನ ಬಾಟಲಿ, ಮೂಲೆಯಲ್ಲಿ ಬಾಡುತ್ತಿದ್ದ ಒಂದು ಗಿಡ. ಅವಳು ತಂಗಿಯ ಕಡೆಗೇ ತಿರುಗಿ ಮಾತಾಡಿದಳು. ಇದು ಇಳಿಜಾರಪ್ಪನಿಗೆ ಮೊದಲ ಏಟು.

"ನೋಡಿ ಮೇಡಂ, ನಿಮ್ಮ ತಾರೀಖು ಗಟ್ಟಿ, ಬೆಲೆ ಗಟ್ಟಿ. ದುಡ್ಡು ಸ್ವಲ್ಪ ಬೆಳೀಬೇಕು, ಹಾಗಾಗಿ ಈಗ ಅರವತ್ತು ಭಾಗ ಈಕ್ವಿಟಿ ಫಂಡಲ್ಲಿ ಇರಲಿ, ಅಂದ್ರೆ ಷೇರಲ್ಲಿ. ನಲವತ್ತು ಭಾಗ ಡೆಟ್ ಫಂಡಲ್ಲಿ. ಅದು ನಿಧಾನ, ಆದ್ರೆ ಹೆಚ್ಚು ಎಗರಾಡಲ್ಲ. ಷೇರು ಬಿದ್ರೆ ಮತ್ತೆ ಏಳೋಕೆ ಟೈಮ್ ಬೇಕು. ಈಗ ಟೈಮ್ ಇದೆ. ಕೊನೇ ವರ್ಷ ಇರಲ್ಲ. ಅದಕ್ಕೇ ವರ್ಷಕ್ಕೊಂದು ಮೆಟ್ಟಿಲು ಇಳೀತಾ ಬರೋದು. ಅರವತ್ತು, ನಲವತ್ತೈದು, ಮೂವತ್ತು, ಹದಿನೈದು, ಕೊನೇ ವರ್ಷ ಶುರುವಾಗುವಾಗ ಸೊನ್ನೆ. ವಿಮಾನ ಇಳಿಯೋ ಥರ."

ವಿಮಾನದ ಮಾತು ತಂಗಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಇಳಿಜಾರಪ್ಪನ ಮುಖ ಮಾತ್ರ ದೀಪ ಹಚ್ಚಿದಂತಾಯಿತು.

"ಇದು ಇಳಿಜಾರು!" ಎಂದ. "ವರ್ಷಕ್ಕೆ ಹದಿನೈದರ ಇಳಿಜಾರು. ಅಷ್ಟೇ ತಾನೇ? ಇದನ್ನ ನಾನು ಜೀವಮಾನ ಪೂರ್ತಿ ಮಾಡಿದೀನಿ."

"ಇದ್ದ ದುಡ್ಡು, ಬರೋ ಕಂತು, ಎರಡನ್ನೂ ಸೇರಿಸಿ ಸರ್..." ಎಂದು ಅವಳು ಶುರುಮಾಡಿದಳು. ಅಷ್ಟರಲ್ಲಿ ಇಳಿಜಾರಪ್ಪ ಅವಳು ಮುದ್ರಿಸಿ ಕೊಟ್ಟ ಹಾಳೆಯಲ್ಲಿ ಕೋಷ್ಟಕದ ಎರಡನೇ ಗೆರೆ ಮೊದಲನೆಯದಕ್ಕಿಂತ ದಪ್ಪವಾಗಿದೆ ಎಂಬುದನ್ನು ತೋರಿಸುತ್ತಿದ್ದ. ಅವಳು ನಕ್ಕು, ವರ್ಷಕ್ಕೊಮ್ಮೆ ಬನ್ನಿ, ನಾನೇ ನೋಡಿ ಬದಲಾಯಿಸಿಕೊಡುತ್ತೇನೆ, ವರ್ಷಕ್ಕೆ ಎಂಟು ಸಾವಿರ ಶುಲ್ಕ ಎಂದಳು.

ಮೆಟ್ಟಿಲಿಳಿಯುತ್ತಾ ಇಳಿಜಾರಪ್ಪ ಹೇಳಿದ: "ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರದೋರಿಗೆ ವರ್ಷಕ್ಕೆ ಎಂಟು ಸಾವಿರ! ಐದು ವರ್ಷಕ್ಕೆ ನಲವತ್ತು ಸಾವಿರ. ನಿನ್ನ ಎಷ್ಟು ಬನ್ನು ಆಯ್ತು ಲೆಕ್ಕ ಹಾಕು ಪುಟ್ಟಿ. ಹಾಳೆ ಕೊಟ್ಟಿದಾಳಲ್ಲ, ಮುಂದಿಂದು ನಾನು ನೋಡ್ಕೋತೀನಿ."

ಪುಟ್ಟಿ ಬನ್ನು ಲೆಕ್ಕ ಹಾಕಿದಳು. ಬಹಳ ಆಯಿತು. ಒಪ್ಪಿದಳು.

ಮೊದಲ ದಿನದ ಕೆಲಸ ಸರಿಯಾಗಿಯೇ ನಡೆಯಿತು. ಇಪ್ಪತ್ತನಾಲ್ಕು ಲಕ್ಷ ಈಕ್ವಿಟಿಗೆ, ಹದಿನಾರು ಲಕ್ಷ ಡೆಟ್ಟಿಗೆ. ತಿಂಗಳ ಕಂತಿನಲ್ಲಿ ಹದಿನೈದು ಸಾವಿರ ಅಲ್ಲಿಗೆ, ಹತ್ತು ಸಾವಿರ ಇಲ್ಲಿಗೆ. ಆಮೇಲೆ ಇಳಿಜಾರಪ್ಪ ಒಂದು ವಾರ ಬಾಗಿಲು ಹಾಕಿಕೊಂಡು ಕೂತು, ಸಲಹೆಗಾರ್ತಿಯ ಹಾಳೆಯನ್ನು ನಕ್ಷೆಯಾಗಿ ಬರೆದ. ಟ್ರೇಸಿಂಗ್ ಹಾಳೆ, ಇಂಡಿಯನ್ ಇಂಕು, ಐದು ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ತಾರೀಖು. ತಿಂಗಳ ಕಂತು ಹರಿದು ಬರುವ ದಾರಿಗೆ ಗಟ್ಟಿ ಗೆರೆ. ಆಗಲೇ ಹಾಕಿಯಾದ ನಲವತ್ತು ಲಕ್ಷಕ್ಕೆ ಚುಕ್ಕಿಗೆರೆ. ಅದರ ಪಕ್ಕದಲ್ಲಿ ಪುಟ್ಟ ಅಕ್ಷರಗಳಲ್ಲಿ ಅದೇ ಮೂರು ಮಾತು: ಹಾಲಿ ಇರುವುದು, ಯಥಾಸ್ಥಿತಿ. ಕೈ ತಾನೇ ಬರೆದುಕೊಂಡಿತು. ಅವನು ಯೋಚಿಸಲೂ ಇಲ್ಲ.

ನಕ್ಷೆಯನ್ನು ಚೌಕಟ್ಟು ಹಾಕಿಸಿ ಹಜಾರದ ಗೋಡೆಗೆ ತೂಗಿಸಿದ. ಬಂದವರಿಗೆಲ್ಲ ಚಹಾಕ್ಕಿಂತ ಮುಂಚೆ ನಕ್ಷೆ. ಹೆಂಡತಿ ಮಾತ್ರ ಒಮ್ಮೆ ಕೇಳಿದ್ದಳು: "ಇದೇನ್ರೀ, ಹಣದ್ದೋ ಬಚ್ಚಲಿಂದೋ?"

"ನಿನಗೆ ತಿಳಿಯಲ್ಲ."

"ತಿಳಿಯಲ್ಲ ಅಂತಾನೇ ಕೇಳಿದ್ದು. ಈ ಚುಕ್ಕಿಗಳು ಯಾಕೆ?"

"ಅದು ಹಳೇದು. ಅದನ್ನ ಮುಟ್ಟೋ ಹಾಗಿಲ್ಲ."

ಅವಳು ಹುಣ್ಣಿಮೆಗೊಮ್ಮೆ ಚೌಕಟ್ಟಿನ ಧೂಳು ಒರೆಸುವುದರಲ್ಲೇ ತೃಪ್ತಳಾದಳು.

ಪ್ರತಿ ವರ್ಷ ಜೂನ್ ಒಂದರಂದು ಇಳಿಜಾರಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬ್ಯಾಂಕಿಗೆ ಹೋಗುತ್ತಿದ್ದ. ಕಂತು ಬದಲಾಯಿಸುವ ಫಾರಂ ತೆಗೆದುಕೊಂಡು, ಅಂಕಿಗಳನ್ನು ಮುದ್ರಿಸಿದ ಹಾಗೆ ಬರೆದು, ತಂಗಿಯ ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ಬೇಕರಿಗೆ ಒಯ್ಯುತ್ತಿದ್ದ. ಅವಳು ಹಿಟ್ಟಿನ ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದಳು. ಎರಡನೇ ವರ್ಷ ಈಕ್ವಿಟಿಗೆ ಹನ್ನೊಂದು ಸಾವಿರದ ಇನ್ನೂರೈವತ್ತು. ಮೂರನೇ ವರ್ಷ ಏಳೂವರೆ ಸಾವಿರ. ನಾಲ್ಕನೇ ವರ್ಷ ಮೂರು ಸಾವಿರದ ಏಳುನೂರೈವತ್ತು. ಐದನೇ ವರ್ಷ ಸೊನ್ನೆ, ಪೂರ್ತಿ ಇಪ್ಪತ್ತೈದು ಸಾವಿರವೂ ಡೆಟ್ಟಿಗೆ. ಒಂದು ಪೈಸೆ ಆಚೀಚೆ ಇಲ್ಲ, ಒಂದು ದಿನ ತಡವಿಲ್ಲ. ಬ್ಯಾಂಕಿನ ಗುಮಾಸ್ತೆ ಒಮ್ಮೆ, "ನಿಮ್ಮಂಥ ಗಿರಾಕಿ ನೋಡೇ ಇಲ್ಲ ಸರ್" ಎಂದಳಂತೆ. ಆ ಮಾತನ್ನು ಅವನು ಕಟಿಂಗ್ ಶಾಪಿನಲ್ಲಿ ನಾಲ್ಕು ಸಲ ಹೇಳಿದ.

ಮೂರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟು ಬರುತ್ತಿತ್ತು. ಇಳಿಜಾರಪ್ಪ ನೇರವಾಗಿ ಕೊನೆಯ ಸಾಲಿನ ಒಟ್ಟು ಮೊತ್ತ ನೋಡಿ, ತಂಗಿಗೆ ಫೋನು ಮಾಡಿ, ಕಡತಕ್ಕೆ ಸೇರಿಸುತ್ತಿದ್ದ. ಅದರ ಕೆಳಗೆ ಕಿತ್ತಳೆ ಮತ್ತು ನೀಲಿ ಬಣ್ಣದ ಒಂದು ವೃತ್ತವೂ ಇರುತ್ತಿತ್ತು. ಕಿತ್ತಳೆ ಈಕ್ವಿಟಿ, ನೀಲಿ ಡೆಟ್ಟು. ಆ ವೃತ್ತದ ಬಗ್ಗೆ ಅವನ ಅಭಿಪ್ರಾಯ ಒಂದೇ: "ಕೈವಾರ ಹಿಡಿದು ಗೊತ್ತಿಲ್ದೋರು ಬರೆದಿರೋದು. ಅಂಚೆಲ್ಲ ಹಲ್ಲು ಹಲ್ಲು." ಕಿತ್ತಳೆ ಬಣ್ಣ ವರ್ಷ ವರ್ಷ ಕುಗ್ಗಬೇಕಿತ್ತು, ಕುಗ್ಗಲೇ ಇಲ್ಲ. ಷೇರುಪೇಟೆ ನಾಲ್ಕು ವರ್ಷ ಸತತವಾಗಿ ಏರಿದ್ದರಿಂದ ಇನ್ನಷ್ಟು ಊದಿಕೊಂಡಿತ್ತು ಬೇರೆ. ಅಂಚಿನ ಹಲ್ಲು ಎಣಿಸುವವನಿಗೆ ಅದು ಕಾಣಲಿಲ್ಲ.

ಐದನೇ ವರ್ಷ ಶುರುವಾದಾಗ ಒಟ್ಟು ಮೊತ್ತ ಎಪ್ಪತ್ತೈದು ಲಕ್ಷದ ಎಪ್ಪತ್ತು ಸಾವಿರ. ಬೇಕಾದದ್ದು ಎಪ್ಪತ್ತಾರು. ಇನ್ನೂ ಒಂದು ವರ್ಷ ಕೈಯಲ್ಲಿದೆ!

"ಪುಟ್ಟೀ, ಮಳಿಗೆ ನಿನ್ನದಾಯ್ತು ಅಂತ ತಿಳ್ಕೋ. ಇವತ್ತಿನಿಂದ ಸೊನ್ನೆ ಮೆಟ್ಟಿಲು. ನೆಲಕ್ಕಿಳಿದಾಯ್ತು. ಇನ್ನು ಪ್ರಳಯ ಆದ್ರೂ ನಮಗೇನಿಲ್ಲ."

ಅವಳು ಆವತ್ತು ಗಿರಾಕಿಗಳಿಗೆಲ್ಲ ಒಂದೊಂದು ರಸ್ಕು ಹೆಚ್ಚಿಗೆ ಕೊಟ್ಟಳು. ಒಲೆಯ ಬಾಯಿಯ ಸುತ್ತ ಸಡಿಲವಾಗಿದ್ದ ಇಟ್ಟಿಗೆಗಳನ್ನು ಗಾರೆಯವನನ್ನು ಕರೆಸಿ ಗಟ್ಟಿಮಾಡಿಸಿದಳು. ತನ್ನದಾಗುವ ಗೋಡೆಯಲ್ಲವೇ.

ಜನವರಿ ಎರಡನೇ ವಾರ ಷೇರುಪೇಟೆ ಬೀಳತೊಡಗಿತು. ಮೊದಲು ಒಂದು ದಿನ, ಆಮೇಲೆ ಒಂದು ವಾರ. ಫೆಬ್ರವರಿಗೆ ಕಟಿಂಗ್ ಶಾಪಿನ ಟಿವಿಯಲ್ಲಿ ಕೆಂಪು ಬಿಟ್ಟು ಬೇರೆ ಬಣ್ಣವೇ ಇರಲಿಲ್ಲ. ಕನ್ನಡಕದ ಅಂಗಡಿಯವನು ಅರ್ಧ ಗಡ್ಡ ಬೋಳಿಸಿಕೊಂಡೇ ಎದ್ದು ಹೋಗಿ ಯಾರಿಗೋ ಫೋನು ಮಾಡಿ ಬಂದು ಕೂತ. ಇಳಿಜಾರಪ್ಪ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಪತ್ರಿಕೆ ತಿರುವುತ್ತಿದ್ದ.

"ಏನ್ ಸಾರ್, ನಿಮ್ಮದೂ ಇದೆಯಲ್ವಾ? ಬೆವರೇ ಬರ್ತಿಲ್ಲ ನಿಮಗೆ" ಎಂದ ಕ್ಷೌರಿಕ, ಕತ್ತರಿ ಆಡಿಸುತ್ತಾ.

"ಬೆವರು ಮೆಟ್ಟಿಲು ಹತ್ತೋರಿಗೆ ಬರತ್ತಪ್ಪಾ. ನಾವು ಇಳಿದು ಕೂತಿದೀವಿ."

"ಅಂದ್ರೆ?"

"ಅಂದ್ರೆ ಇಳಿಜಾರು." ಅವನು ಪತ್ರಿಕೆ ಮಡಿಸಿದ. ಮುಂದಿನ ಮುಕ್ಕಾಲು ಗಂಟೆ ಅಲ್ಲಿದ್ದ ಮೂವರಿಗೂ ಬಿಡುಗಡೆ ಇರಲಿಲ್ಲ. ಕನ್ನಡಕದ ಅಂಗಡಿಯವನಿಗಂತೂ, ನಷ್ಟದ ಮೇಲೆ ಉಪನ್ಯಾಸ. ಹೋಗುವಾಗ ಅವನು, "ಸಾರ್, ನಿಮ್ಮ ಇಳಿಜಾರಿಗೆ ಜೈ. ನನ್ನ ಬಿಟ್ಟುಬಿಡಿ" ಎಂದು ಕೈಮುಗಿದ.

ಅದೇ ತಿಂಗಳ ಕೊನೆಗೆ ಮಾಲೀಕ ಬೇಕರಿಗೆ ಬಂದ. ಒಂದು ಔಷಧಿ ಕಂಪನಿಯವರು ಕಟ್ಟಡ ಕೇಳುತ್ತಿದ್ದಾರೆ, ಎಂಬತ್ತೆಂಟಕ್ಕೆ ತಯಾರಿದ್ದಾರೆ, ಕೊಟ್ಟ ಮಾತಿಗೆ ನಾನು ನಿಂತಿದ್ದೇನೆ, ಆದರೆ ನಿಮ್ಮ ಹಣ ತಯಾರಿದೆ ಅನ್ನುವುದಕ್ಕೆ ಒಂದು ಕಾಗದ ತೋರಿಸಿ ಎಂದ. ಪುಟ್ಟಿ ಅಣ್ಣನಿಗೆ ಫೋನು ಮಾಡಿದಳು. ಅಣ್ಣ ಹೆಮ್ಮೆಯಿಂದಲೇ ಬ್ಯಾಂಕಿಗೆ ಹೋಗಿ ಆ ದಿನದ ಸ್ಟೇಟ್‌ಮೆಂಟು ತೆಗೆಸಿದ.

ಕೊನೆಯ ಸಾಲಿನಲ್ಲಿ ಅರವತ್ತನಾಲ್ಕು ಲಕ್ಷದ ಮೂವತ್ತು ಸಾವಿರ ಎಂದಿತ್ತು.

ಬೇರೆಯವರ ಸ್ಟೇಟ್‌ಮೆಂಟು ಕೊಟ್ಟಿದ್ದೀರಿ ಎಂದು ಗುಮಾಸ್ತೆಯೊಡನೆ ಜಗಳ ತೆಗೆದ. ಅವಳು ಹೆಸರು ತೋರಿಸಿದಳು. ಇನ್ನೊಮ್ಮೆ ಮುದ್ರಿಸಿ ಎಂದ. ಮುದ್ರಿಸಿದಳು. ಮೂರನೆಯ ಸಲ ಕೇಳುವಷ್ಟರಲ್ಲಿ ಅವನ ದನಿ ಇಳಿದಿತ್ತು. ಗುಮಾಸ್ತೆ ನೀರು ತರಿಸಿದಳು.

ಮರುದಿನ ಅಣ್ಣತಂಗಿ ಐದು ವರ್ಷದ ನಂತರ ಔಷಧಿ ಅಂಗಡಿಯ ಮಹಡಿ ಹತ್ತಿದರು. ಸಲಹೆಗಾರ್ತಿಗೆ ಕನ್ನಡಕ ಬಂದಿತ್ತು. ಇಳಿಜಾರಪ್ಪ ನಾಲ್ಕು ಫಾರಂಗಳ ನಕಲನ್ನೂ, ಗೋಡೆಯಿಂದ ಇಳಿಸಿ ತಂದ ನಕ್ಷೆಯನ್ನೂ ಮೇಜಿನ ಮೇಲಿಟ್ಟ. ಅವಳು ಫಾರಂಗಳನ್ನು ಒಂದೊಂದಾಗಿ ಓದಿದಳು. ಸ್ಟೇಟ್‌ಮೆಂಟು ಓದಿದಳು. ನಕ್ಷೆಯನ್ನು ಬಹಳ ಹೊತ್ತು ನೋಡಿದಳು.

"ಸರ್, ಇದು ಕಂತು ಬದಲಾಯಿಸಿರೋದು."

"ಹೌದು. ಪ್ರತಿ ವರ್ಷ. ತಾರೀಖು ನೋಡಿ."

"ಕಂತು ಸರಿ. ಆಗಲೇ ಈಕ್ವಿಟೀಲಿ ಇದ್ದ ಯೂನಿಟ್ಟುಗಳನ್ನ ಡೆಟ್ಟಿಗೆ ಸ್ವಿಚ್ ಮಾಡಿದ್ರಾ?"

"ಅದು ಹಳೇದಲ್ವಾ" ಎಂದ ಇಳಿಜಾರಪ್ಪ.

ಅವಳು ಒಂದು ಹಾಳೆ ತೆಗೆದುಕೊಂಡು ಅದರ ಮೇಲೆ ಒಂದು ಟ್ಯಾಂಕು, ಒಂದು ನಲ್ಲಿ ಬರೆದಳು. ಗೆರೆಗಳು ಸೊಟ್ಟಗಿದ್ದವು. ಈ ಸಲ ಅವನು ಗೆರೆ ಬಿಟ್ಟು ಟ್ಯಾಂಕನ್ನೇ ನೋಡಿದ.

"ನೋಡಿ ಸರ್, ಮೇಲಿನ ಟ್ಯಾಂಕಲ್ಲಿ ಇಪ್ಪತ್ತನಾಲ್ಕು ಲಕ್ಷ ತುಂಬಿತ್ತು. ನೀವು ಪ್ರತಿ ವರ್ಷ ಮಾಡಿದ್ದು, ನಲ್ಲೀಲಿ ಹೊಸದಾಗಿ ಬರೋ ನೀರನ್ನ ಕೆಳಗಿನ ಟ್ಯಾಂಕಿಗೆ ತಿರುಗಿಸಿದ್ದು. ಮೇಲಿನ ಟ್ಯಾಂಕು ಹಾಗೇ ಉಳೀತು. ಪೇಟೆ ಏರ್ತಿತ್ತಲ್ಲ, ಇನ್ನೂ ತುಂಬ್ತು. ಸೊನ್ನೆ ಮೆಟ್ಟಿಲಿಗೆ ಬಂದಿದೀವಿ ಅಂದ್ಕೊಂಡ ದಿನ ನೂರಕ್ಕೆ ಅರವತ್ತೆರಡು ಈಕ್ವಿಟೀಲೇ ಇತ್ತು. ಶುರು ಮಾಡಿದ್ದಕ್ಕಿಂತ ಹೆಚ್ಚು."

"ಅಂದ್ರೆ ನಾವು ಇಳಿದೇ ಇಲ್ವಾ?" ಎಂದು ಕೇಳಿದ್ದು ಪುಟ್ಟಿ.

"ಇಲ್ಲ ಮೇಡಂ."

"ಸರಿಯಾಗಿ ಮಾಡಿದ್ರೆ?"

ಸಲಹೆಗಾರ್ತಿ ಹೇಳಲು ಹಿಂದೆಮುಂದೆ ನೋಡಿದಳು. ಪುಟ್ಟಿ ಮತ್ತೆ ಕೇಳಿದಳು. ಕಂಪ್ಯೂಟರಿನಲ್ಲಿ ಅಂಕಿ ಒತ್ತಿ, "ಜೂನಿಗೆ ಎಪ್ಪತ್ತೊಂಬತ್ತರ ಹತ್ತಿರ ಇರ್ತಿತ್ತು. ಈ ಬಿದ್ದಿದ್ದು ನಿಮಗೆ ತಾಕ್ತಾನೇ ಇರಲಿಲ್ಲ" ಎಂದಳು.

ಕೆಳಗೆ ಔಷಧಿ ಅಂಗಡಿಯವನು ಯಾರಿಗೋ ಊಟಕ್ಕೆ ಮುಂಚೆಯೋ ಊಟದ ನಂತರವೋ ಎಂದು ವಿವರಿಸುತ್ತಿದ್ದ. ಮೇಲಿನವರೆಗೂ ಕೇಳಿಸುತ್ತಿತ್ತು.

ಇಳಿಜಾರಪ್ಪನೇ ಮೊದಲು ಚೇತರಿಸಿಕೊಂಡ. "ಇನ್ನೂ ಮೂರು ತಿಂಗಳು ಇದೆ. ಬಿದ್ದದ್ದು ಏಳಲೇಬೇಕು. ಕಾಯೋಣ."

"ಏಳಬಹುದು ಸರ್. ಆದ್ರೆ ನಿಮಗೆ ಎಪ್ಪತ್ತಾರು ಮುಟ್ಟಬೇಕು ಅಂದ್ರೆ ಈಕ್ವಿಟೀಲಿ ಉಳಿದಿರೋ ಮೂವತ್ತೆರಡು ಲಕ್ಷ ಈ ಮೂರು ತಿಂಗಳಲ್ಲಿ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಏರಬೇಕು. ಅಷ್ಟೇ ಬೀಳಲೂಬಹುದು. ಯಾವುದಾಗತ್ತೆ ಅಂತ ನಂಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಜೂನ್ ಒಂದಕ್ಕೆ ಬೇಕಾದ ದುಡ್ಡು ಇವತ್ತು ಅಲ್ಲಿರಬಾರದು, ಅಷ್ಟು ಮಾತ್ರ ಹೇಳಬಲ್ಲೆ."

"ಈಗ ತೆಗೆದ್ರೆ ನಷ್ಟ ಗಟ್ಟಿ ಆಗ್ಬಿಡತ್ತೆ ಪುಟ್ಟಿ! ಕಾಯೋಣ ಅಂದೆ ನಾನು."

ಪುಟ್ಟಿ ಅವನ ಕಡೆ ತಿರುಗಲಿಲ್ಲ. "ಇರೋದನ್ನಾದ್ರೂ ಉಳಿಸಿಕೊಡಮ್ಮ. ಪೂರ್ತಿ ಆ ಕಡೆ ಹಾಕು. ಎಲ್ಲಿ ಸಹಿ?"

ಈ ಬಾರಿ ಸಹಿಯ ಜಾಗಕ್ಕೆ ಪೆನ್ಸಿಲಿನ ಗುರುತು ಯಾರೂ ಹಾಕಿರಲಿಲ್ಲ. ಅವಳೇ ಹುಡುಕಿ ಹಾಕಿದಳು.

ಜೂನಿಗೆ ಎಷ್ಟೇ ಎಳೆದರೂ ಅರವತ್ತಾರೂವರೆ. ಒಂಬತ್ತೂವರೆ ಲಕ್ಷದ ಹಳ್ಳ. ಮಾರ್ಚಿನಿಂದ ಮೇವರೆಗೆ ಪುಟ್ಟಿ ಬೇಕರಿಯ ಬಾಗಿಲು ಮಧ್ಯಾಹ್ನ ಹಾಕಿ ಹೊರಟುಬಿಡುತ್ತಿದ್ದಳು. ಬ್ಯಾಂಕಿನವರು ವಯಸ್ಸು ಕೇಳಿದರು, ಐವತ್ತೆಂಟು ಎಂದಳು. ಲೆಕ್ಕಪತ್ರ ಕೇಳಿದರು, ಎಣ್ಣೆ ಅಂಟಿದ ನೋಟ್‌ಬುಕ್ಕು ತೋರಿಸಿದಳು. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ಹಿಂದಿರುಗಿಸಿದರು. ಇಳಿಜಾರಪ್ಪ ತನ್ನ ಹೆಸರಲ್ಲಿದ್ದ ಒಂದೇ ಠೇವಣಿ, ಒಂದೂವರೆ ಲಕ್ಷ, ಮುರಿಸಿ ತಂದು ಕಲ್ಲುಮೇಜಿನ ಮೇಲಿಟ್ಟ. ಉಳಿದದ್ದು ಎಂಟು. ಮೈದಾ ವ್ಯಾಪಾರಿ ಎಂಟನ್ನೂ ಕೊಡಲು ಸಿದ್ಧನಿದ್ದ, ತಿಂಗಳಿಗೆ ನೂರಕ್ಕೆ ಮೂರರಂತೆ.

"ತಗೊಳ್ಳೋಣ" ಎಂದ ಅಣ್ಣ.

"ಬಡ್ಡಿಗೇ ತಿಂಗಳಿಗೆ ಇಪ್ಪತ್ತನಾಲ್ಕು ಸಾವಿರ ಅಣ್ಣ. ನಾನು ಉಳಿಸೋದೇ ಇಪ್ಪತ್ತೈದು. ಅಸಲು ತೀರಿಸೋಕೆ ಸಾವಿರ ರೂಪಾಯಿ. ಎಂಟು ಲಕ್ಷ ತೀರೋಕೆ ಎಷ್ಟು ವರ್ಷ, ನೀನೇ ನಕ್ಷೆ ಬರೆದು ಹೇಳು."

ಅವಳು ಅವನಿಗೆ ಚುಚ್ಚಿ ಆಡಿದ ಮಾತು ಅದೊಂದೇ. ಅದನ್ನೂ ಅವಳು ಹಿಟ್ಟು ನಾದುತ್ತಾ, ತಲೆ ಎತ್ತದೆ ಆಡಿದಳು. ಒಂದೂವರೆ ಲಕ್ಷದ ಲಕೋಟೆಯನ್ನು ಅತ್ತಿಗೆಯ ಕೈಗೆ ವಾಪಸು ಕಳಿಸಿದಳು.

ಕೊನೆಯ ಪ್ರಯತ್ನವಾಗಿ ಇಬ್ಬರೂ ಮಾಲೀಕನ ಮನೆಗೆ ಹೋದರು. ಆರು ತಿಂಗಳು ಸಮಯ ಕೊಡಿ ಎಂದು ಕೇಳಿದರು. ಮಾಲೀಕ ಒಳ್ಳೆಯ ಮನುಷ್ಯ. ಕೂರಿಸಿದ, ಕಾಫಿ ಕೊಡಿಸಿದ, ಕಾಗದವನ್ನು ಒಳಗಿನಿಂದ ತಂದು ಎದುರಿಗೆ ಬಿಡಿಸಿದ.

"ಅಮ್ಮಾ, ಹನ್ನೆರಡು ಲಕ್ಷ ಹೆಚ್ಚಿಗೆ ಕೊಡೋರನ್ನ ಮೂರು ತಿಂಗಳಿಂದ ಬಾಗಿಲಲ್ಲಿ ನಿಲ್ಲಿಸಿದೀನಿ. ನನ್ನ ಮಕ್ಕಳು ನಂಜೊತೆ ಮಾತು ಬಿಟ್ಟಿದಾರೆ. ತಾರೀಖಿನವರೆಗೆ ನಿಂತ್ಕೋತೀನಿ, ಅದರಾಚೆ ಆಗಲ್ಲ. ತಾರೀಖು ಇರಲೇಬೇಕು ಅಂದಿದ್ದು ನಿಮ್ಮಣ್ಣನೇ ಅಲ್ವಾ?"

ಇಳಿಜಾರಪ್ಪ ಕಾಫಿ ಲೋಟದೊಳಗೆ ನೋಡುತ್ತಾ ಕುಳಿತ. ಕಾಗದ ಅವನದೇ ಅಕ್ಷರದಲ್ಲಿತ್ತು. ದುಂಡಗೆ, ಅಚ್ಚುಕಟ್ಟಾಗಿ, ಒಂದು ಕಾಟೂ ಇಲ್ಲದೆ.

ಮೇ ಇಪ್ಪತ್ತೆಂಟರಂದು ಪುಟ್ಟಿ ಒಲೆಗೆ ಕೊನೆಯ ಸಲ ಬೆಂಕಿ ಹಾಕಿದಳು. ಇಟ್ಟಿಗೆಯ ಒಲೆ ಪೂರ್ತಿ ತಣ್ಣಗಾಗಲು ಮೂರು ದಿನ ಬೇಕು. ಅದಕ್ಕೇ ಲೆಕ್ಕ ಹಾಕಿ ಅವತ್ತು ನಿಲ್ಲಿಸಿದ್ದು. ಮೂವತ್ತೊಂದಕ್ಕೆ ಕಂಪನಿಯವರ ಇಂಜಿನಿಯರು ಬಂದು ಗೋಡೆ ಬಡಿದು ನೋಡಿ, ಇದನ್ನೆಲ್ಲ ತೆಗೆಯಬೇಕಾಗುತ್ತದೆ ಎಂದ. ಕೈಯಿಟ್ಟವನು, "ಅರೆ, ಇನ್ನೂ ಬೆಚ್ಚಗಿದೆ" ಎಂದು ಆಶ್ಚರ್ಯಪಟ್ಟ.

ಷೇರುಪೇಟೆ ಆ ವರ್ಷದ ಕೊನೆಗೆ ಪೂರ್ತಿ ಎದ್ದು ನಿಂತಿತು. ಕಟಿಂಗ್ ಶಾಪಿನಲ್ಲಿ ಕನ್ನಡಕದ ಅಂಗಡಿಯವನು, ನಾನು ತಾಳ್ಮೆಯಿಂದ ಕಾದೆ, ಎಲ್ಲ ವಾಪಸು ಬಂತು, ನಿಮ್ಮ ತಂಗಿಯೂ ಕಾಯಬಹುದಿತ್ತು ಎಂದ. ಅವನಿಗೆ ಯಾವ ತಾರೀಖೂ ಇರಲಿಲ್ಲ, ಕಾಯಬಹುದಿತ್ತು, ಕಾದ. ಈ ವ್ಯತ್ಯಾಸವನ್ನು ಅಂಕಿಸಂಖ್ಯೆಯೊಡನೆ ವಿವರಿಸಬಲ್ಲ ಒಬ್ಬನೇ ಒಬ್ಬ ಮನುಷ್ಯ ಆ ಅಂಗಡಿಯಲ್ಲಿದ್ದ. ಅವನು, "ಹಿಂದುಗಡೆ ಇನ್ನೂ ಸ್ವಲ್ಪ ತೆಗಿಯಪ್ಪ" ಎಂದು ಕ್ಷೌರಿಕನಿಗೆ ಹೇಳಿ ತಲೆ ಬಗ್ಗಿಸಿದ.

ಪುಟ್ಟಿ ಈಗ ದೊಡ್ಡ ಆಸ್ಪತ್ರೆಯ ಅಡುಗೆಮನೆಯಲ್ಲಿ ಬ್ರೆಡ್ಡಿನ ವಿಭಾಗಕ್ಕೆ ಸೇರಿದ್ದಾಳೆ. ವಿದ್ಯುತ್ ಒಲೆ, ಗುಂಡಿ ಒತ್ತಿದರೆ ಕಾಯುತ್ತದೆ, ಗುಂಡಿ ಒತ್ತಿದರೆ ಆರುತ್ತದೆ. ಅರವತ್ತಾರು ಲಕ್ಷ ಹಾಗೇ ಇತ್ತು. ಊರಾಚೆ ಒಂದು ಮಳಿಗೆ ನೋಡೋಣವೇ ಎಂದು ಅತ್ತಿಗೆ ಕೇಳಿದ್ದಕ್ಕೆ, "ಅಲ್ಲಿ ನನ್ನ ಬನ್ನು ಯಾರಿಗೆ ಗೊತ್ತು ಅತ್ತಿಗೆ" ಎಂದಳಂತೆ.

ಆ ಹಣಕ್ಕೊಂದು ಗತಿ ಕಾಣಿಸಬೇಕೆಂದು ಸಲಹೆಗಾರ್ತಿಯ ಹತ್ತಿರ ಮತ್ತೆ ಹೊರಟ ದಿನ ಇಳಿಜಾರಪ್ಪನೂ ಜೊತೆಗೆ ಬಂದ. ಔಷಧಿ ಅಂಗಡಿಯ ಮುಂದೆ ಬಂದಾಗ ಅವಳು ನಿಂತಳು.

"ಅಣ್ಣ, ನೀನು ಇಲ್ಲೇ ಕೂತಿರು. ಮಂಡಿ ನೋವಲ್ಲಿ ಯಾಕೆ ಹತ್ತೋದು."

ಅವನ ಮಂಡಿಗೆ ಏನೂ ಆಗಿರಲಿಲ್ಲ. ಆದರೂ, "ಹೌದು ಹೌದು, ಇತ್ತೀಚೆಗೆ ಬಹಳ" ಎಂದು ಬೆಂಚಿನ ಮೇಲೆ ಕೂತ. ಅವಳು ಒಬ್ಬಳೇ ಮೇಲೆ ಹೋದಳು. ಮುಕ್ಕಾಲು ಗಂಟೆಯಾಯಿತು. ಅಂಗಡಿಯವನು ಎರಡು ಸಲ ಏನು ಬೇಕು ಎಂದು ಕೇಳಿದ. ಎರಡನೆಯ ಸಲ ಇಳಿಜಾರಪ್ಪ ತಲೆನೋವಿನ ಮಾತ್ರೆ ಕೊಂಡ.

ಅವಳು ಕೈಯಲ್ಲಿ ಒಂದು ಹಾಳೆ ಹಿಡಿದು ಇಳಿದು ಬಂದಳು. ಅವನು ಎದ್ದು ನಿಂತ.

"ಎಷ್ಟೆಷ್ಟು ಹಾಕಿದ್ರು? ಈಕ್ವಿಟಿ ಎಷ್ಟು?"

ಅವಳು ಹಾಳೆಯನ್ನು ನಾಲ್ಕಾಗಿ ಮಡಿಸಿ ಚೀಲದೊಳಗಿಟ್ಟು ಜಿಪ್ಪು ಎಳೆದಳು.

"ವರ್ಷಕ್ಕೊಂದ್ಸಲ ಬರಬೇಕಂತೆ. ನಾನೇ ಬರ್ತೀನಿ" ಎಂದಳು. "ಎಂಟು ಸಾವಿರ ಇದ್ದದ್ದು ಈಗ ಹತ್ತಾಗಿದೆ."

ಹತ್ತು ಜಾಸ್ತಿಯಾಯಿತು ಎನ್ನಲು ಅವನ ಬಾಯಿ ತೆರೆಯಿತು. ತೆರೆದದ್ದನ್ನು ಮುಚ್ಚಿಕೊಂಡ. ಬಸ್ಸು ಬಂತು. ಅವಳು ಹತ್ತಿ ಮುಂದಿನ ಸಾಲಿನಲ್ಲಿ ಒಬ್ಬರೇ ಕೂರುವ ಸೀಟಿನಲ್ಲಿ ಕೂತಳು. ಹಿಂದೆ ಎರಡು ಸೀಟು ಖಾಲಿಯಿದ್ದವು. ಅವನು ಅದರಲ್ಲಿ ಕಿಟಕಿಯ ಪಕ್ಕ ಕೂತು, ಇಬ್ಬರ ಟಿಕೆಟ್ಟಿಗೂ ಚಿಲ್ಲರೆ ತೆಗೆದ. ಕಂಡಕ್ಟರು ಮುಂದೆ ತೋರಿಸಿ, "ಆ ಅಮ್ಮ ಅವರದ್ದು ತಗೊಂಡಾಯ್ತು. ನಿಮಗೊಬ್ಬರಿಗಾ?" ಎಂದ.

"ಒಬ್ಬನಿಗೆ" ಎಂದ ಇಳಿಜಾರಪ್ಪ.